ಬಚ್ಚಲದ ಗೂಟ ಎಷ್ಟು ಎತ್ತರಕ್ಕಿರಬೇಕು?

ಹೊಸ ಮನೆ ಕಟ್ಟಿಸುವವರು ದೇವರ ಕೋಣೆಗೆ ದಿಕ್ಕು ಕೇಳುತ್ತಾರೆ, ಒಲೆಯ ಕಟ್ಟೆಗೆ ಎತ್ತರ ಕೇಳುತ್ತಾರೆ, ತಲೆಬಾಗಿಲಿಗೆ ಮುಹೂರ್ತವನ್ನೂ ಕೇಳುತ್ತಾರೆ. ಬಚ್ಚಲಕ್ಕೆ ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ಗವಂಡಿ ಗೋಡೆ ಎತ್ತುತ್ತಾನೆ, ಟೈಲ್ಸ್ ಹಚ್ಚುವವ ಹಚ್ಚಿ ಹೋಗುತ್ತಾನೆ, ಕಡೆಗೆ ಪ್ಲಂಬರ್ ಬಂದು ಟಾವೆಲ್ ಹಾಕುವ ರಾಡು, ಬಟ್ಟೆಯ ಹುಕ್ಕು, ಸಾಬೂನಿನ ತಟ್ಟೆಗಳನ್ನು ತನಗೆ ಎಲ್ಲಿ ಚೆಂದ ಕಂಡೀತೋ ಅಲ್ಲಿ ಹೊಡೆದು ಹೋಗುತ್ತಾನೆ. ಅದಾದ ಮೇಲೆ ಇಪ್ಪತ್ತು ಮೂವತ್ತು ವರ್ಷ ಮನೆಮಂದಿಯೆಲ್ಲ ಆ ಅರ್ಧ ಗಂಟೆಯ ಕೆಲಸಕ್ಕೆ ತಮ್ಮ ಮೈಯನ್ನು ಹೊಂದಿಸಿಕೊಳ್ಳುತ್ತಾರೆ. ಗಿಡ್ಡನೆಯವರು ತುದಿಗಾಲಲ್ಲಿ ನಿಲ್ಲುತ್ತಾರೆ, ಮುದುಕರು ಟಾವೆಲನ್ನು ನಳದ ಮೇಲೆ ಒಗೆಯುತ್ತಾರೆ, ಮಕ್ಕಳು ಒದ್ದೆ ಮೈಯಲ್ಲೇ ನಡುಮನೆಗೆ ಓಡಿ ಬರುತ್ತಾರೆ.

ನಾಗನೂರಿನ ನಮ್ಮ ಮನೆಯಲ್ಲಿ ನಾವು ಏಳು ಮಂದಿ. ಆಯಿ, ಅಪ್ಪ, ಅವ್ವ, ಅಣ್ಣ, ವೈನಿ, ಅವರ ಆರು ವರ್ಷದ ಮಗ, ಮತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು. ನಮಗೆಲ್ಲ ಇರುವುದು ಒಂದೇ ಬಚ್ಚಲ. ಅಗಲ ನಾಲ್ಕು ಅಡಿ, ಉದ್ದ ಆರು ಅಡಿ. ಒಂದು ಗಿಡ್ಡ ಗೋಡೆಯಲ್ಲಿ ಬಾಗಿಲು, ಎದುರಿನ ಗೋಡೆಯಲ್ಲಿ ನಳ ಮತ್ತು ಅದರ ಕೆಳಗೆ ಬಕೀಟು. ಒಳಗೆ ಹೋಗುತ್ತಲೇ ಎಡಕ್ಕೆ, ಬಾಗಿಲ ಪಕ್ಕದ ಮೂಲೆಯಲ್ಲಿ, ಕೈ ತೊಳೆಯಲು ಸಣ್ಣದೊಂದು ಬೇಸಿನ್. ಬಲಗಡೆಯ ಉದ್ದನೆಯ ಗೋಡೆ ಖಾಲಿ. ಬಾಗಿಲು ಹೊರಗೆ ತೆರೆಯುತ್ತದೆ. ಇಷ್ಟು ಸಣ್ಣ ಬಚ್ಚಲಕ್ಕೆ ಅದೇ ಸರಿ, ಏಕೆಂದರೆ ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುವುದಿಲ್ಲ.

ಹಳೆಯ ಮನೆ ಕೆಡವುವ ಮೊದಲು ಅಲ್ಲಿ ಬಚ್ಚಲಗಲ್ಲಿನ ಬಚ್ಚಲ ಇತ್ತು. ಹಾಸುಗಲ್ಲು, ಮೂಲೆಯಲ್ಲಿ ನೀರು ಕಾಯಿಸುವ ಹಂಡೆ, ಮಗ್ಗುಲ ಗೋಡೆಯಲ್ಲಿ ಒಂದು ಮಾಡ. ಆ ಮಾಡ ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರದಲ್ಲಿತ್ತು. ಮಣೆಯ ಮೇಲೆ ಕುಳಿತವರು ಕೈ ಚಾಚಿದರೆ ಸಾಬೂನು ಕೈಗೇ ಸಿಗುತ್ತಿತ್ತು. ಅದನ್ನು ಬಿಟ್ಟವರು ಯಾವ ಪುಸ್ತಕವನ್ನೂ ಓದಿರಲಿಲ್ಲ, ಆದರೆ ಸ್ನಾನ ಮಾಡುವವರು ಕುಳಿತಿರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಹೊಸ ಬಚ್ಚಲದಲ್ಲಿ ಮರೆತುಹೋದದ್ದು ಇದೊಂದೇ ಸಂಗತಿ. ಈಗಿನ ಸಾಮಾನುಗಳ ಪೆಟ್ಟಿಗೆಯೊಳಗಿನ ಚಿತ್ರದಲ್ಲಿ ಒಬ್ಬ ಎತ್ತರದ ಮನುಷ್ಯ ಶವರಿನ ಕೆಳಗೆ ನಿಂತಿರುತ್ತಾನೆ. ನಮ್ಮಲ್ಲಿ ಬಹುಮಂದಿ ಬಕೀಟು, ತಂಬಿಗೆ ಇಟ್ಟುಕೊಂಡು ಕುಳಿತೇ ಮೈ ತೊಳೆಯುತ್ತಾರೆ. ನಿಂತವನ ಅಳತೆ ಕುಳಿತವನಿಗೆ ಹೇಗೆ ಹೊಂದೀತು?

ನಮ್ಮ ಪ್ಲಂಬರ್ ರಾಡನ್ನು ಐದೂವರೆ ಅಡಿಗೆ, ಟೈಲ್ಸ್‌ನ ಹೂವಿನ ಪಟ್ಟಿಯ ಗುಂಟ ಹೊಡೆದಿದ್ದ. ಯಾಕೆ ಇಷ್ಟು ಮೇಲೆ ಎಂದು ಅವ್ವ ಕೇಳಿದ್ದಕ್ಕೆ, "ಅಲ್ಲೇ ಪಟ್ಟಿ ಐತಲ್ರಿ ಅವ್ವಾರ, ಗೆರಿ ಕೂಡಿದ್ರ ಚಂದ ಕಾಣ್ತೈತ್ರಿ" ಎಂದ. ಚೆಂದ ಕಂಡದ್ದು ನಿಜ. ಆದರೆ ಆಯಿಯ ಎತ್ತರ ನಾಲ್ಕು ಅಡಿ ಎಂಟು ಇಂಚು. ಮೇಲಾಗಿ ಅವಳ ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಅವಳು ಎರಡು ದಿನ ನೋಡಿ, "ಇದು ನನ್ನ ಸಲುವಾಗಿ ಅಲ್ಲ ಬಿಡು" ಎಂದು ತನ್ನ ವಸ್ತ್ರವನ್ನು ನಳದ ಮೇಲೆ ಹಾಕತೊಡಗಿದಳು. ಒರೆಸಿಕೊಳ್ಳುವ ಹೊತ್ತಿಗೆ ಅದು ಪೂರ್ತಿ ತೊಯ್ದಿರುತ್ತಿತ್ತು.

ಅಣ್ಣ ಪ್ಲಂಬರನನ್ನು ಮತ್ತೆ ಕರೆಸಿದ. ಈ ಸಲ ಆತ ಬಲಗಡೆಯ ಗೋಡೆಗೆ, ಆಯಿ ಕೂರುವ ಸ್ಟೂಲಿನ ಮಗ್ಗುಲಿಗೆ, ಮೂರು ಅಡಿ ಎತ್ತರದಲ್ಲಿ ಒಂದು ಸಣ್ಣ ರಾಡು ಹೊಡೆದು ಹೋದ. ಕೈಗೆ ಸಿಗುವಂತಾಯಿತೆಂದು ಎಲ್ಲರಿಗೂ ಸಮಾಧಾನ. ಆದರೆ ಕುಳಿತು ಏಳುವ ಮುದುಕಿಗೆ ಕೈಯ ಹತ್ತಿರ ಒಂದು ಕೋಲು ಕಂಡರೆ ಅವಳು ಅದಕ್ಕೆ ವಸ್ತ್ರ ಹಾಕಿ ಸುಮ್ಮನಿರುತ್ತಾಳೆಯೇ? ಅದನ್ನು ಹಿಡಿದು ಏಳುತ್ತಾಳೆ. ಹದಿನೈದು ದಿನ ರಾಡು ತಡೆಯಿತು. ಒಂದು ಬೆಳಿಗ್ಗೆ ಒಂದು ಬದಿಯ ಸ್ಕ್ರೂ ಪ್ಲಾಸ್ಟಿಕ್ಕಿನ ಬೂಚಿನ ಸಮೇತ ಗೋಡೆಯಿಂದ ಕಿತ್ತು ಬಂತು. ಆಯಿ ಹಿಂದಕ್ಕೆ ವಾಲಿ ಸ್ಟೂಲಿನ ಮೇಲೆ ಬಿದ್ದಳು, ಸ್ಟೂಲು ಸರಿಯಿತು, ನೆಲಕ್ಕೆ ಊರಿದ ಕೈಯ ಮಣಿಕಟ್ಟು ಬಾತುಕೊಂಡಿತು. ಎಲುಬು ಮುರಿದಿರಲಿಲ್ಲ. ಮೂರು ವಾರ ಪಟ್ಟಿ ಕಟ್ಟಿಸಿಕೊಂಡಳು. ಅದೇ ಚಪ್ಪೆಯ ಎಲುಬಾಗಿದ್ದರೆ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡಲಿಲ್ಲ. ಎಪ್ಪತ್ತೆಂಟರ ವಯಸ್ಸಿನಲ್ಲಿ ಅದರ ಅರ್ಥವೇನೆಂದು ಎಲ್ಲರಿಗೂ ಗೊತ್ತಿತ್ತು.

ಕಿತ್ತ ಗುಳಿಯನ್ನು ನೋಡಿದಾಗ ಕಾರಣ ಕಂಡಿತು. ಒಂದು ಇಂಚಿನ ಸ್ಕ್ರೂ ಟೈಲ್ಸ್ ಮತ್ತು ಅದರ ಹಿಂದಿನ ಸಿಮೆಂಟನ್ನು ದಾಟಿ ಇಟ್ಟಿಗೆಯನ್ನು ಸರಿಯಾಗಿ ಮುಟ್ಟಿರಲೇ ಇಲ್ಲ. ಟಾವೆಲ್ ಹಾಕಲು ಅಷ್ಟು ಸಾಕು, ತೊಯ್ದ ಟಾವೆಲಿನ ತೂಕ ಒಂದೂವರೆ ಕಿಲೋ ಇದ್ದೀತು. ಏಳುವ ಮನುಷ್ಯ ಎಳೆಯುವ ಭಾರ ಅದರ ಹತ್ತಾರು ಪಟ್ಟು. ಅಮೆರಿಕದಲ್ಲಿ ಅಂಗವಿಕಲರ ಅನುಕೂಲಕ್ಕಾಗಿ 2010ರಲ್ಲಿ ಹೊರಡಿಸಿದ ನಿಯಮದಲ್ಲಿ ಹಿಡಿಕೆಯ ಕಂಬಿ 250 ಪೌಂಡು, ಅಂದರೆ ಸುಮಾರು 113 ಕಿಲೋ ಭಾರವನ್ನು ತಡೆಯಬೇಕೆಂದಿದೆ. ಟಾವೆಲಿನ ರಾಡೂ ಹಿಡಿಕೆಯ ಕಂಬಿಯೂ ನೋಡಲು ಅಕ್ಕತಂಗಿಯರಂತೆ ಕಂಡರೂ ಅವುಗಳ ಕೆಲಸ ಬೇರೆ ಬೇರೆ. ನೀವು ಯಾವುದಕ್ಕೆಂದು ಹಾಕಿದ್ದೀರಿ ಎಂಬುದು ಜಾರುತ್ತಿರುವ ಕೈಗೆ ತಿಳಿಯುವುದಿಲ್ಲ. ಹೀಗಾಗಿ ಏಳುವ ಕೈಗೆ ಎಟುಕುವ ಜಾಗದಲ್ಲಿ ಒಂದೋ ಗಟ್ಟಿಯಾದ ಹಿಡಿಕೆ ಇರಬೇಕು, ಇಲ್ಲವಾದರೆ ಏನೂ ಇರಬಾರದು.

ಇದಾದ ಮೇಲೆ ನಾನು ಅಣ್ಣನಿಗೆ ಹೇಳಿದೆ, "ಮೂರನೇ ಸಲ ತೂತು ಹೊಡೆಯೋಕಿಂತ ಮೊದಲು ಅಳತಿ ತಗೊಳ್ಳೋಣ." ಶಾಲೆಯ ಹುಡುಗರಿಗೆ ಅಳತೆ ಕಲಿಸುವವನು ಮನೆಯಲ್ಲಿ ಕಣ್ಣಳತೆಯನ್ನು ನಂಬಿ ಕೂಡ್ರುವುದು ಸರಿಯಲ್ಲವಲ್ಲ. ಒಂದು ರವಿವಾರ ಟೇಪು, ಸೀಮೆಸುಣ್ಣ, ಹಳೆಯ ಪೇಪರುಗಳನ್ನು ಇಟ್ಟುಕೊಂಡು ನಾನೂ ಅಣ್ಣನ ಮಗನೂ ಕೆಲಸಕ್ಕೆ ನಿಂತೆವು.

ಮೊದಲ ಕೆಲಸ ನೀರು ಎಲ್ಲಿಯವರೆಗೆ ಹಾರುತ್ತದೆ ಎಂದು ನೋಡುವುದು. ಬಚ್ಚಲದ ಮೂರೂ ಗೋಡೆಗಳಿಗೆ ನೆಲದಿಂದ ಆಳೆತ್ತರದವರೆಗೆ ಹಳೆಯ ಪೇಪರು ಅಂಟಿಸಿದೆವು. ಬಾಗಿಲ ಒಳಮೈಗೂ ಒಂದು ಹಾಳೆ. ಅವತ್ತು ಎಲ್ಲರೂ ಎಂದಿನಂತೆ ಸ್ನಾನ ಮಾಡಿದರು. ಪ್ರತಿಯೊಬ್ಬರ ಸ್ನಾನವಾದ ಮೇಲೆ ಒಳಗೆ ಹೋಗಿ ತೊಯ್ದ ಜಾಗದ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದೆವು. ಕುಳಿತು ತಲೆಯ ಮೇಲೆ ನೀರು ಸುರಿದುಕೊಳ್ಳುವವರ ಸುತ್ತ ಎರಡೂವರೆ ಅಡಿಯ ಒಳಗೆ ಗೋಡೆ ನಾಲ್ಕು ಅಡಿಗೂ ಮೇಲೆ ತೊಯ್ದಿತ್ತು. ಬಾಗಿಲ ಕಡೆಯ ಎರಡು ಅಡಿಯಲ್ಲಿ ಮಾತ್ರ ನೆಲದಿಂದ ಒಂದು ಅಡಿಯವರೆಗಷ್ಟೇ ಹನಿ ಸಿಡಿದಿತ್ತು. ಅಂದಮೇಲೆ ನಮ್ಮ ಬಚ್ಚಲದಲ್ಲಿ ಒಣಗಿದ ಜಾಗ ಅದೊಂದೇ. ಟಾವೆಲ್ಲು, ಬಟ್ಟೆ ಏನಿದ್ದರೂ ಅಲ್ಲೇ ಇರಬೇಕು. ಪ್ಲಂಬರ್ ಮೊದಲು ಹೊಡೆದಿದ್ದ ರಾಡು ಬಕೀಟಿನ ನೇರ ಮೇಲಿತ್ತು. ನಿಮ್ಮ ಬಚ್ಚಲದ ಗೆರೆ ಬೇರೆ ಇದ್ದೀತು, ಶವರಿದ್ದರಂತೂ ಪೂರಾ ಬೇರೆ. ಅದಕ್ಕೇ ಈ ಕೆಲಸವನ್ನು ನಿಮ್ಮ ಮನೆಯಲ್ಲೇ ಮಾಡಬೇಕು, ಒಂದು ರವಿವಾರ ಸಾಕು.

ಎರಡನೆಯ ಕೆಲಸ ಮೈಯ ಅಳತೆ. ಇದಕ್ಕೆ ಎತ್ತರವೊಂದೇ ಸಾಲದು. ಪ್ರತಿಯೊಬ್ಬರನ್ನೂ ಬರಿಗಾಲಲ್ಲಿ ಗೋಡೆಯ ಪಕ್ಕ ನಿಲ್ಲಿಸಿ ಎರಡು ಗುರುತು ಹಾಕಿದೆವು. ಒಂದು ಹೆಗಲಿನ ಎತ್ತರ, ಇನ್ನೊಂದು ಮೊಣಕೈಯ ಎತ್ತರ. ಆಯಿಯ ಹೆಗಲು ನೆಲದಿಂದ 46 ಇಂಚು, ಮೊಣಕೈ 35 ಇಂಚು. ಅಣ್ಣನ ಹೆಗಲು 56, ಮೊಣಕೈ 43. ಹುಡುಗನ ಒಟ್ಟು ಎತ್ತರವೇ 44 ಇಂಚು, ಅವನ ಮೊಣಕೈ 27. ಆಯಿಯನ್ನು ಸ್ನಾನದ ಸ್ಟೂಲಿನ ಮೇಲೆ ಕೂರಿಸಿಯೂ ಅಳೆದೆವು. ಮೊಣಕಾಲು ನೋವಿನಿಂದಾಗಿ ಅವಳು ಈಗ ಮಣೆಯ ಮೇಲೆ ಕೂರಲಾರಳು, 16 ಇಂಚಿನ ಸ್ಟೂಲು ಬೇಕು. ಅದರ ಮೇಲೆ ಕುಳಿತಾಗ ಅವಳ ಮೊಣಕೈ ನೆಲದಿಂದ 24 ಇಂಚು, ಹೆಗಲು 36 ಇಂಚು ಎತ್ತರದಲ್ಲಿರುತ್ತದೆ.

ಹೆಗಲು ಮತ್ತು ಮೊಣಕೈಯೇ ಯಾಕೆ ಎಂದರೆ, ಇವೆರಡರ ನಡುವೆ ಇರುವುದನ್ನು ಕೈ ಆಯಾಸವಿಲ್ಲದೆ ತೆಗೆದುಕೊಳ್ಳುತ್ತದೆ. ಹೆಗಲಿಗಿಂತ ಮೇಲಿದ್ದರೆ ತೋಳು ಎತ್ತಬೇಕು, ಎತ್ತಿದ ಒದ್ದೆ ಕೈಯಿಂದ ನೀರು ಇಳಿದು ಬಗಲಿಗೆ ಬರುತ್ತದೆ. ಮೊಣಕೈಗಿಂತ ತೀರ ಕೆಳಗಿದ್ದರೆ ಸೊಂಟ ಬಗ್ಗಿಸಬೇಕು, ಕಣ್ಣಿಗೆ ಸಾಬೂನು ಹತ್ತಿದವನು ಬಗ್ಗಿದಾಗಲೇ ತೂಕ ತಪ್ಪುವುದು. ಇಂಥ ಅಳತೆಗಳ ಹಿಂದೆ ದೊಡ್ಡ ಕೆಲಸವೇ ನಡೆದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಕೀರಾ ಎಂಬವರು ಜನ ಬಚ್ಚಲದಲ್ಲಿ ಹೇಗೆ ನಿಲ್ಲುತ್ತಾರೆ, ಬಗ್ಗುತ್ತಾರೆ, ಕೈ ಚಾಚುತ್ತಾರೆ ಎಂದು ಅಭ್ಯಾಸ ಮಾಡಿ 1966ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದರು. ನಮ್ಮ ದೇಶದವರ ಮೈಯ ಅಳತೆಗಳನ್ನು ಕೂಡಿಸಿದ ದೇಬಕುಮಾರ್ ಚಕ್ರವರ್ತಿ ಅವರ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಆದರೆ ಪುಸ್ತಕಗಳು ಸಾವಿರಾರು ಜನರ ಅಳತೆ ಹೇಳುತ್ತವೆ. ಏಳೇ ಮಂದಿಯ ಬಚ್ಚಲಕ್ಕೆ ಆ ಏಳು ಮಂದಿಯ ಅಳತೆಯಷ್ಟು ಒಳ್ಳೆಯದು ಯಾವುದೂ ಇಲ್ಲ.

ಈಗ ಗೂಟಗಳ ಲೆಕ್ಕ. ಟಾವೆಲಿಗೆ ರಾಡು ಬೇಕೋ ಗೂಟ ಬೇಕೋ ಎಂಬುದೇ ಮೊದಲ ಪ್ರಶ್ನೆ. ರಾಡಿನ ಮೇಲೆ ಟಾವೆಲ್ ಹರವಿಕೊಂಡು ಒಣಗುತ್ತದೆ. ಗೂಟದಲ್ಲಿ ಮುದ್ದೆಯಾಗಿ ತೂಗಿ, ಮಡಿಕೆಗಳಲ್ಲಿ ಹಸಿ ಉಳಿದು ವಾಸನೆ ಹಿಡಿಯುತ್ತದೆ. ಆದರೆ ಏಳು ಟಾವೆಲಿಗೆ ಬೇಕಾಗುವಷ್ಟು ರಾಡು ಎರಡು ಅಡಿಯ ಒಣ ಜಾಗದಲ್ಲಿ ಹಿಡಿಸುವುದಿಲ್ಲ. ನಮ್ಮಲ್ಲಿ ಹೇಗೂ ಸ್ನಾನವಾದ ಮೇಲೆ ಟಾವೆಲನ್ನು ಹಿತ್ತಿಲ ತಂತಿಗೆ ಹಾಕುವ ರೂಢಿ ಇದೆ. ಬಚ್ಚಲದ ಒಳಗೆ ಅದು ಇರುವುದು ಹದಿನೈದು ನಿಮಿಷ. ಅಷ್ಟಕ್ಕೆ ಗೂಟ ಸಾಕು. ಮಳೆಗಾಲಕ್ಕೆಂದು ಆ ಐದೂವರೆ ಅಡಿಯ ರಾಡನ್ನು ಬಿಚ್ಚಿ, ಗಾಳಿಯಾಡುವ ಹಿಂದಿನ ಪಡಸಾಲೆಯಲ್ಲಿ ಹಾಕಿದೆವು. ಟಾವೆಲ್ಲು ಬಚ್ಚಲದಲ್ಲೇ ಒಣಗಬೇಕಾದ ಮನೆಯಾದರೆ ಲೆಕ್ಕ ಬೇರೆ, ಅಲ್ಲಿ ಕಿಟಕಿಯ ಹತ್ತಿರ ರಾಡೇ ಬೇಕು.

ಗೂಟದ ಎತ್ತರವನ್ನು ಎರಡು ಸಂಗತಿಗಳು ಎರಡು ಕಡೆಯಿಂದ ಎಳೆಯುತ್ತವೆ. ಹಾಕುವವರ ಕೈ ಅದನ್ನು ಕೆಳಗೆ ಎಳೆಯುತ್ತದೆ, ತೂಗುವ ಬಟ್ಟೆಯ ಉದ್ದ ಮೇಲೆ ಎಳೆಯುತ್ತದೆ. ಅಣ್ಣನ ದಪ್ಪ ಟಾವೆಲ್ 60 ಇಂಚು ಉದ್ದ. ಅದನ್ನು ಒಂದು ತುದಿಯಿಂದ ತೂಗಹಾಕಿದರೆ 66 ಇಂಚಿನ ಗೂಟದಲ್ಲೂ ಇನ್ನೊಂದು ತುದಿ ನೆಲದಿಂದ ಆರೇ ಇಂಚು ಮೇಲಿರುತ್ತದೆ, ಹನಿ ಸಿಡಿಯುವ ಜಾಗಕ್ಕೆ ಬರುತ್ತದೆ. ಆಯಿಯ ಗೂಟವನ್ನು ಅವಳ ಹೆಗಲಿನ ಮಟ್ಟಕ್ಕೆ ಇಳಿಸಿದರೆ ಅಂಥ ಟಾವೆಲ್ ನೆಲ ಗುಡಿಸುತ್ತದೆ. ಇಲ್ಲಿ ಬದಲಾಗಬೇಕಾದದ್ದು ಗೂಟವಲ್ಲ, ಬಟ್ಟೆ. ಆಯಿ ಮೊದಲಿನಿಂದಲೂ ಬಳಸುವುದು ತೆಳುವಾದ ಹತ್ತಿಯ ವಸ್ತ್ರ, 54 ಇಂಚಿನದು. ನಡುವೆ ಹಿಡಿದು ಗೂಟಕ್ಕೆ ಹಾಕಿದರೆ ಎರಡೂ ತುದಿಗಳು ಎರಡೂಕಾಲು ಅಡಿಯಷ್ಟೇ ಇಳಿಬೀಳುತ್ತವೆ. ಗಿಡ್ಡನೆಯವರ ಗೂಟಕ್ಕೆ ಗಿಡ್ಡ ವಸ್ತ್ರ ಎಂದು ಮನೆಯಲ್ಲಿ ಕಾಯಿದೆಯಾಯಿತು.

ಇನ್ನೊಂದು ಸಣ್ಣ ಸಂಗತಿ ಟೇಪು ಹಿಡಿದಾಗಲೇ ಕಂಡದ್ದು. ಅಂಗಡಿಯ ಹುಕ್ಕಿಗೆ ಮೇಲಕ್ಕೆ ಬಾಗಿದ ಮೂಗು ಇರುತ್ತದೆ. ಬಟ್ಟೆಯನ್ನು ಅದರಿಂದ ಬಿಡಿಸಲು ಕೈ ಹುಕ್ಕಿಗಿಂತ ಎರಡು ಇಂಚು ಮೇಲೆ ಹೋಗಬೇಕು. ಹೆಗಲು 46 ಇಂಚಿಗಿದ್ದು ಅದಕ್ಕಿಂತ ಮೇಲೆ ಕೈ ಏಳದ ಆಯಿಗೆ 46ರಲ್ಲಿ ಹುಕ್ಕು ಹೊಡೆದರೆ ಹಾಕಲು ಬಂದೀತು, ತೆಗೆಯಲು ಬಾರದು. ಹೀಗಾಗಿ ಅವಳದನ್ನು 44 ಇಂಚಿಗೆ ಇಳಿಸಿದೆವು. ಆದರೆ ಅದೇ ಎತ್ತರದಲ್ಲಿ ಹುಡುಗನ ನೆತ್ತಿ ಇದೆ, ಎರಡು ವರ್ಷಕ್ಕೆ ಅಲ್ಲಿಗೆ ಅವನ ಕಣ್ಣು ಬರುತ್ತದೆ. ಓಡಾಡುವ ಮಗುವಿನ ಕಣ್ಣಿನ ಮಟ್ಟದಲ್ಲಿ ಚೂಪಾದ ಸ್ಟೀಲಿನ ಮೂಗು ಇರಬಾರದು. ಅದಕ್ಕೆ ಬಡಿಗೇರರಿಂದ ಕಟ್ಟಿಗೆಯ ದುಂಡು ಗೂಟಗಳನ್ನು ಮಾಡಿಸಿದೆವು. ತುದಿಯಲ್ಲಿ ಲಿಂಬೆಹಣ್ಣಿನಷ್ಟು ಗುಂಡು, ಹಿಂದೆ ಬಟ್ಟೆ ನಿಲ್ಲುವಷ್ಟು ತಗ್ಗು. ಅದರಿಂದ ಬಟ್ಟೆ ಬಿಡಿಸಲು ಕೈಯನ್ನು ಅರ್ಧ ಇಂಚು ಎತ್ತಿದರೆ ಸಾಕು. ನೀರು ಕುಡಿಯದಂತೆ ಎರಡು ಕೈ ವಾರ್ನಿಶ್ ಹೊಡೆಸಿದೆವು.

ಹುಡುಗನ ಗೂಟ ಬಾಗಿಲ ಮೂಲೆಯಲ್ಲಿ 48 ಇಂಚಿಗೆ ಬಂತು. ಅವನ ತಲೆಗಿಂತ ಮೇಲಿದೆ, ಆದರೆ ತುದಿಗಾಲಲ್ಲಿ ನಿಲ್ಲದೆ ಕೈಗೆ ಸಿಗುತ್ತದೆ. ಅವನ ಟಾವೆಲೂ ಅವನಷ್ಟೇ ಸಣ್ಣದು. ದೊಡ್ಡವರ ಗೂಟಗಳ ಸಾಲು 66 ಇಂಚಿಗೆ, ಆಯಿಯ ಗೂಟದ ಸಾಲಿನ ಮೇಲೆ. ವೈನಿಯ ಸೀರೆ, ಅವ್ವನ ಲಂಗ ನೆಲ ಮುಟ್ಟದಿರಲು ಅಷ್ಟು ಎತ್ತರ ಬೇಕೇ ಬೇಕು. ಕಬ್ಬಿನ ಗದ್ದೆಯಿಂದ ಬರುವ ಅಣ್ಣನ ಕೆಸರಿನ ಅಂಗಿಗೆ ಬಾಗಿಲ ಹೊರಗೇ ಬೇರೆ ಗೂಟ ಕೊಟ್ಟೆವು. ಒಗೆದದ್ದೂ ಕೊಳೆಯಾದದ್ದೂ ಒಂದೇ ಗೂಟದಲ್ಲಿ ಇರಬಾರದೆಂದು ಅವ್ವ ಮೊದಲಿನಿಂದಲೂ ಹೇಳುತ್ತಿದ್ದಳು.

ಮೈಗೆ ಹಚ್ಚುವ ಸಾಬೂನಿನ ತಟ್ಟೆಗೆ ಹಳೆಯ ಮಾಡದ ಲೆಕ್ಕವನ್ನೇ ಹಿಡಿದೆವು. ಕುಳಿತ ಆಯಿಯ ಮೊಣಕೈ 24, ಹೆಗಲು 36, ಅವುಗಳ ನಡುವೆ 29 ಇಂಚಿಗೆ ತಟ್ಟೆ. ಎತ್ತರದಷ್ಟೇ ಮುಖ್ಯವಾದದ್ದು ದಿಕ್ಕು. ತಟ್ಟೆ ಕುಳಿತವರ ಮುಂದಿನ ಮಗ್ಗುಲಿಗೆ, ಬೆನ್ನು ಬಗ್ಗಿಸದೆ ಚಾಚಿದ ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಬೆನ್ನ ಹಿಂದೆ ತಟ್ಟೆಯಿದ್ದರೆ ಒದ್ದೆ ಸ್ಟೂಲಿನ ಮೇಲೆ ಮೈ ತಿರುಚಬೇಕು, ಸ್ಟೂಲು ಜಾರುವುದು ಆಗಲೇ. ನಿಂತು ಸ್ನಾನ ಮಾಡುವ ಅಣ್ಣನಿಗೆ 29 ಇಂಚು ತೊಡೆಯ ಮಟ್ಟ, ಅವನಿಗೆಂದು 48 ಇಂಚಿಗೆ ಇನ್ನೊಂದು ತಟ್ಟೆ. ಎರಡಕ್ಕೂ ತಳದಲ್ಲಿ ತೂತಿದೆ. ತೂತಿಲ್ಲದ ತಟ್ಟೆಯಲ್ಲಿ ಸಾಬೂನು ಕರಗಿ ಲೋಳೆಯಾಗುತ್ತದೆ, ಲೋಳೆ ನೆಲಕ್ಕಿಳಿದರೆ ಎಲ್ಲಿ ಯಾವ ಗೂಟವಿದ್ದರೂ ಉಪಯೋಗವಿಲ್ಲ.

ಕೈ ತೊಳೆಯುವ ದ್ರವ ಸಾಬೂನಿನ ಡಬ್ಬಿಯದು ಬೇರೆಯೇ ಪುರಾಣ. ಗೋಡೆಗೆ ಹೊಡೆದು, ಒತ್ತಿದರೆ ಮೂತಿಯಿಂದ ಸಾಬೂನು ಬೀಳುವಂಥ ಡಬ್ಬಿ ಅದು. ಪ್ಲಂಬರ್ ಅದನ್ನು ಕನ್ನಡಿಯ ಪಕ್ಕ, ಬೇಸಿನ್ನಿನಿಂದ ಗೇಣುದ್ದ ಆಚೆ ಹೊಡೆದಿದ್ದ. ಒತ್ತಿದಾಗ ಕೈಗೆ ಬೀಳುವುದು ಒಂದು ಹನಿಯಾದರೆ, ಕೈ ತೆಗೆದ ಮೇಲೆ ಮೂತಿಯಿಂದ ಇನ್ನೊಂದು ಹನಿ ನಿಧಾನವಾಗಿ ನೆಲಕ್ಕೆ ಇಳಿಯುತ್ತಿತ್ತು. ಬಾಗಿಲಲ್ಲಿ ಕಾಲಿಡುವ ಜಾಗದಲ್ಲೇ ಅದು ಬೀಳುತ್ತಿತ್ತು. ಟೈಲ್ಸ್ ಮೇಲೆ ಅಷ್ಟು ಸಾಬೂನು ಸಾಕು. ಡಬ್ಬಿಯ ಮೂತಿ ಬೇಸಿನ್ನಿನ ಬಟ್ಟಲ ಮೇಲೇ ಇರಬೇಕು, ತೊಟ್ಟಿಕ್ಕಿದರೂ ಬಟ್ಟಲಿಗೇ ಬೀಳಬೇಕು. ಇದು ಮೊದಲ ನಿಯಮ, ಎತ್ತರ ಆಮೇಲೆ.

ನಮ್ಮ ಬೇಸಿನ್ನಿನ ಅಂಚು ನೆಲದಿಂದ 31 ಇಂಚು. ಅಂಚಿಗೂ ಡಬ್ಬಿಯ ಮೂತಿಗೂ ನಡುವೆ ಅಂಗೈ ಸಲೀಸಾಗಿ ಹೋಗಲು ಐದು ಇಂಚು ಬಿಟ್ಟರೆ ಮೂತಿ 36ಕ್ಕೆ ಬರುತ್ತದೆ, ಒತ್ತುವ ಗುಂಡಿ 38ರ ಸುಮಾರಿಗೆ. ಆಯಿಯ ಮೊಣಕೈಗೆ ಇದು ತುಸುವೇ ಮೇಲೆ, ಅಡ್ಡಿಯಿಲ್ಲ. ಹುಡುಗನ ಮೊಣಕೈ 27, ಅವನಿಗೆ ಬೇಸಿನ್ನೇ ಎತ್ತರ. ಅವನು ತೋಳು ಮೇಲೆ ಚಾಚಿ ಒತ್ತಿದರೆ ಸಾಬೂನು ನೀರು ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಅಂಗಿಯ ತೋಳಿಗೆ ಹರಿಯುತ್ತದೆ. ತೋಳು ತೊಯ್ಯುವುದು ಬೇಡವೆಂದು ಮಗು ಸಾಬೂನನ್ನೇ ಬಿಟ್ಟುಬಿಡುತ್ತದೆ, ನಾವು ಅದಕ್ಕೆ ಸೋಮಾರಿ ಎಂದು ಬೈಯುತ್ತೇವೆ. ಅವನಿಗೆ ಆರು ಇಂಚಿನ ಅಗಲವಾದ ಮೆಟ್ಟಿಲುಮಣೆ ಮಾಡಿಸಿ, ಅದರ ಕಾಲಿಗೆ ರಬ್ಬರು ಹಚ್ಚಿದೆವು. ಅದರ ಮೇಲೆ ನಿಂತರೆ ಮೊಣಕೈ 33 ಇಂಚಿಗೆ ಬಂದು ನೀರು ಬೆರಳ ಕಡೆಗೇ ಇಳಿಯುತ್ತದೆ. ಡಬ್ಬಿಯ ಮೇಲೆ ಗೇಣುದ್ದ ಖಾಲಿ ಬಿಟ್ಟದ್ದು ಮುಚ್ಚಳ ತೆಗೆದು ಸಾಬೂನು ತುಂಬಲು. ಬೋರಿನ ಗಡಸು ನೀರಿದ್ದಲ್ಲಿ ಮೂತಿಗೆ ಬಿಳಿ ಪೊರೆ ಕಟ್ಟಿ ಸಾಬೂನು ಅಡ್ಡಡ್ಡ ಸಿಡಿಯುತ್ತದೆ. ಹಾಗೆ ಸಿಡಿಯತೊಡಗಿದರೆ ಡಬ್ಬಿ ಕೆಟ್ಟಿದೆ ಎಂದಲ್ಲ, ಮೂತಿಯ ಪೊರೆ ತೆಗೆದು ತೊಳೆದರೆ ಸಾಕು.

ಕಡೆಯದು ಆಯಿಯ ಹಿಡಿಕೆ. ಅಮೆರಿಕದ ಆ ನಿಯಮ ಹಿಡಿಕೆಯ ಕಂಬಿಗೆ 33ರಿಂದ 36 ಇಂಚಿನ ಎತ್ತರ ಹೇಳುತ್ತದೆ, ಕಂಬಿಗೂ ಗೋಡೆಗೂ ನಡುವೆ ಒಂದೂವರೆ ಇಂಚು ಬಿಡಬೇಕೆನ್ನುತ್ತದೆ. ಜಾಗ ಅದಕ್ಕಿಂತ ಹೆಚ್ಚಾದರೆ ಜಾರಿದ ತೋಳು ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಆಯಿಗೆ 33 ಇಂಚು ಸರಿಹೋಯಿತು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಅಣ್ಣ ಗೋಡೆಗೆ ಒರಗಿಸಿ ಹಿಡಿದ ಬಡಿಗೆಯನ್ನು ಹಿಡಿದು ಏಳುವಂತೆ ಹೇಳಿದೆವು. ಬಡಿಗೆಯನ್ನು ಮೇಲೆ ಕೆಳಗೆ ಮಾಡುತ್ತ, ಅವಳು "ಹಾಂ, ಇಲ್ಲೇ ಹಿಡೀಲಿಕ್ಕೆ ಬರ್ತೈತಿ ನೋಡು" ಎಂದ ಕಡೆ ಗುರುತು ಹಾಕಿದೆವು.

ಗುರುತು ಹಾಕಿದರಾಗಲಿಲ್ಲ, ಗೋಡೆ ಹೊರಬೇಕಲ್ಲ. ಮೊದಲು ಬೆರಳಗೆಣ್ಣಿನಿಂದ ಟೈಲ್ಸ್ ಬಡಿದು ನೋಡಬೇಕು. ಹಿಂದೆ ಸಿಮೆಂಟು ತುಂಬಿದ್ದರೆ ಸದ್ದು ಗಟ್ಟಿಯಾಗಿ, ಮೊಂಡಾಗಿ ಬರುತ್ತದೆ, ಪೊಳ್ಳಿದ್ದರೆ ಖಾಲಿ ಡಬ್ಬಿಯ ಹಾಗೆ ನುಡಿಯುತ್ತದೆ. ಪೊಳ್ಳು ಜಾಗದಲ್ಲಿ ತೂತು ಹೊಡೆದರೆ ಟೈಲ್ಸ್ ಒಡೆಯುತ್ತದೆ. ನಳದ ನೇರ ಮೇಲೆ, ನೇರ ಕೆಳಗೆ, ಗೀಸರಿನ ಸ್ವಿಚ್ಚಿನ ಸಾಲಿನಲ್ಲಿ ತೂತು ಬೇಡ, ಗೋಡೆಯೊಳಗಿನ ಪೈಪು, ವಾಯರುಗಳು ಅಲ್ಲೇ ಹೋಗಿರುತ್ತವೆ. ಗುರುತಿನ ಮೇಲೆ ಅಂಟುಪಟ್ಟಿ ಹಚ್ಚಿ, ಯಂತ್ರದ ಸುತ್ತಿಗೆ ಬಡಿತ ನಿಲ್ಲಿಸಿ, ಟೈಲ್ಸಿನ ಮೊನೆಯಿಂದ ನಿಧಾನವಾಗಿ ಕೊರೆದರೆ ಮೊನೆ ಜಾರುವುದಿಲ್ಲ. ಟೈಲ್ಸ್ ದಾಟಿ ಇಟ್ಟಿಗೆ ಮುಟ್ಟಿದ ಮೇಲಷ್ಟೇ ಬಡಿತ ಹಾಕಬೇಕು. ಹಿಡಿಕೆ ಬಂದ ಬಲಗಡೆಯ ಗೋಡೆ ನಮ್ಮಲ್ಲಿ ಒಂಬತ್ತು ಇಂಚಿನ ಇಟ್ಟಿಗೆಯದು, ಉದ್ದನೆಯ ಲೋಹದ ಬೋಲ್ಟು ಅದರೊಳಗೆ ಗಟ್ಟಿಯಾಗಿ ಕೂತಿತು. ನಾಲ್ಕೂವರೆ ಇಂಚಿನ ಅಡ್ಡಗೋಡೆಯೋ ಹಳೆಯ ಮಣ್ಣಿನ ಗೋಡೆಯೋ ಆಗಿದ್ದರೆ ಬೋಲ್ಟನ್ನು ಆರಪಾರ ತೂರಿಸಿ, ಆಚೆ ಬದಿಗೆ ಕಬ್ಬಿಣದ ತಗಡಿನ ಬಿಲ್ಲೆ ಕೊಟ್ಟು ನಟ್ಟು ಬಿಗಿಯಬೇಕು. ಎಲ್ಲ ಮುಗಿದ ಮೇಲೆ ಎಂಬತ್ತು ಕಿಲೋದ ಅಣ್ಣ ಎರಡೂ ಕೈಯಿಂದ ಹಿಡಿಕೆ ಹಿಡಿದು ಕಾಲು ಮಡಚಿ ಜೋತುಬಿದ್ದ. ಅದು ಅಲುಗಲಿಲ್ಲ. ಆಮೇಲೆಯೇ ಆಯಿ ಮುಟ್ಟಿದ್ದು. ಈಗಲೂ ತಿಂಗಳಿಗೊಮ್ಮೆ ಅಣ್ಣ ಅದನ್ನು ಎಳೆದು ನೋಡುತ್ತಾನೆ. ಬುಡದ ಸುತ್ತ ಕೂದಲೆಳೆಯಷ್ಟು ಬಿರುಕು, ತುಕ್ಕಿನ ಕಂದು ನೀರು ಕಂಡರೆ ಅಂದೇ ಬಿಚ್ಚಿ ನೋಡಬೇಕು.

ಗೂಟಗಳಿಗೆ ತೂತು ಹೊಡೆಯುವ ಮುಂಚೆ ಒಂದು ವಾರ ಅವುಗಳ ಜಾಗದಲ್ಲಿ ಬರೀ ಬಣ್ಣದ ಅಂಟುಪಟ್ಟಿಯ ಚೂರು ಹಚ್ಚಿ ಬಿಟ್ಟಿದ್ದೆವು. ಸ್ನಾನಕ್ಕೆ ಹೋದವರು ಒದ್ದೆ ಕೈಯಿಂದ ತಮ್ಮ ಚೂರನ್ನು ಮುಟ್ಟಿ ಬರಬೇಕು. ವೈನಿ ತನ್ನದನ್ನು ಎರಡು ಇಂಚು ಕೆಳಗೆ, ಅಪ್ಪ ತನ್ನದನ್ನು ಗೇಣುದ್ದ ಬಾಗಿಲ ಕಡೆಗೆ ಸರಿಸಿದರು. ಕಾಗದದ ಮೇಲಿನ ಲೆಕ್ಕ ತೊಂಬತ್ತು ಪಾಲು ಸರಿ, ಉಳಿದ ಹತ್ತು ಪಾಲನ್ನು ಮೈಯೇ ಹೇಳಬೇಕು. ಅಂಟುಪಟ್ಟಿ ಸರಿಸಲು ಖರ್ಚಿಲ್ಲ, ಟೈಲ್ಸಿನ ತೂತು ಸರಿಸಲು ಬರುವುದಿಲ್ಲ.

ಈಗ ಬಚ್ಚಲದ ಗೆರೆ ಕೂಡುವುದಿಲ್ಲ. ಒಂದು ಗೂಟ ಮೇಲೆ, ಒಂದು ಕೆಳಗೆ, ತಟ್ಟೆಗಳು ಎರಡು ಮಟ್ಟದಲ್ಲಿ. ಬಂದ ಬೀಗರೊಬ್ಬರು, "ಯಾಕ್ರಿ ಮಾಸ್ತರ, ಪ್ಲಂಬರ್ ಕುಡಿದು ಬಂದಿದ್ದನೇನು?" ಎಂದು ನಕ್ಕರು. ಅವರು ಸ್ನಾನ ಮುಗಿಸಿ ಹೊರಬಂದಾಗ ತಮ್ಮ ಮನೆಯ ಅಳತೆಯ ಮಾತು ತೆಗೆದರು. ಅವರ ತಾಯಿಯೂ ಎಂಬತ್ತರ ಹತ್ತಿರ ಇದ್ದಾರೆ.

ಬಾಗಿಲ ಚೌಕಟ್ಟಿನ ಒಳಮೈಯಲ್ಲಿ ಹುಡುಗ ಪೆನ್ಸಿಲಿನಿಂದ ಎಲ್ಲರ ಹೆಗಲಿನ ಗುರುತು ಬರೆದಿಟ್ಟಿದ್ದಾನೆ. ಮೊನ್ನೆ ಮತ್ತೆ ಅಳೆದ. ಅವನ ಗೆರೆ ಮೇಲೇರಿದೆ, ಇನ್ನೊಂದೆರಡು ವರ್ಷಕ್ಕೆ ಮೆಟ್ಟಿಲುಮಣೆ ಬೇಡವಾಗುತ್ತದೆ. ಆಯಿಯ ಗೆರೆ ಅರ್ಧ ಇಂಚು ಕೆಳಗಿಳಿದಿದೆ. ಬೆನ್ನು ಬಾಗಿದಂತೆ ಮುಪ್ಪಿನಲ್ಲಿ ಮೈ ಗಿಡ್ಡವಾಗುತ್ತ ಹೋಗುತ್ತದೆ. ಅವನು ಟೇಪು ಮಡಚುತ್ತ, "ಕಾಕಾ, ಆಯಿ ಗೂಟ ಒಂದೀಟ ಕೆಳಗ ಮಾಡಬೇಕಲ್ಲ?" ಎಂದು ಕೇಳಿದ. ಮಾಡಬೇಕು. ಬಡಿಗೇರರ ಮನೆಗೆ ಹೇಳಿ ಕಳಿಸಿದ್ದೇವೆ.